ಟೇಪ್ ಹಿಡಿಯುವ ಮೊದಲು ಸ್ಕೇಲ್ ನೋಡಿ

ಎಲ್ಲರಿಗೂ ನಮಸ್ಕಾರ. ಕಟ್ಟಡದ ಡ್ರಾಯಿಂಗ್ ಅಳೆದು ಸಾಮಗ್ರಿಯ ಕ್ವಾಂಟಿಟಿ ತೆಗೆಯಲು ಕೂರುವ ಮೊದಲು ಒಂದು ಮಾತು.

ಡ್ರಾಯಿಂಗ್ ಮೂಲೆಯಲ್ಲಿ 1:100 ಅಂತ ಇದ್ದರೆ ಸುಮ್ನೆ ನಂಬಬೇಡಿ. ಅದು ಮೂಲ ಹಾಳೆಗೆ ಹೇಳಿದ ಮಾತು. ಪಕ್ಕದಲ್ಲಿ A1 ಅಂತ ಬರೆದಿದ್ದು, ನಿಮ್ಮ ಕೈಯಲ್ಲಿರುವುದು A3 ಪ್ರಿಂಟ್ ಆದರೆ ಗೆರೆಗಳೆಲ್ಲ ಅರ್ಧಕ್ಕೆ ಇಳಿದಿರುತ್ತವೆ. ಆಗ ನಿಜವಾದ ಸ್ಕೇಲ್ 1:200.

ಪತ್ತೆ ಮಾಡುವುದು ಸುಲಭ. ಅಳತೆ ಬರೆದಿರುವ ಒಂದು ಉದ್ದ ಗೆರೆ ಹುಡುಕಿ. ನನ್ನ ಪ್ಲಾನಿನಲ್ಲಿ ಎರಡು ಕಾಲಂ ಮಧ್ಯೆ 12000 ಮಿ.ಮೀ. ಅಂತ ಇತ್ತು. ಪಟ್ಟಿ ಇಟ್ಟರೆ 60 ಮಿ.ಮೀ. ಬಂತು. 12000 ಭಾಗಿಸು 60, ಅಂದರೆ 200. ಹಾಗಾಗಿ 47 ಮಿ.ಮೀ. ಬಂದ ಗೋಡೆ 4.7 ಮೀಟರ್ ಅಲ್ಲ, 9.4 ಮೀಟರ್.

ವಿಸ್ತೀರ್ಣದಲ್ಲಿ ಪೆಟ್ಟು ಇನ್ನೂ ಜಾಸ್ತಿ. 22 × 18 ಮಿ.ಮೀ. ಕೋಣೆಯ ನೆಲ 15.84 ಚದರ ಮೀಟರ್. 1:100 ಅಂದುಕೊಂಡರೆ ಬರುವುದು ಬರೀ 3.96. ಟೈಲ್ಸ್ ಕಾಲು ಭಾಗಕ್ಕೆ ನಿಂತುಹೋಗುತ್ತದೆ! (ನಾನೂ ಒಮ್ಮೆ ಹೀಗೇ ಬರೆದು ಕೊಟ್ಟು ಬೈಸಿಕೊಂಡಿದ್ದೇನೆ.)

ಭಾಗಿಸಿದಾಗ 200 ಬರದೆ 207 ಥರ ವಿಚಿತ್ರ ಸಂಖ್ಯೆ ಬಂದರೆ, ಹಾಳೆಗೆ ಹೊಂದಿಸಿ ಪ್ರಿಂಟ್ ಹಾಕಿರಬಹುದು. ಅಡ್ಡಕ್ಕೊಂದು, ಉದ್ದಕ್ಕೊಂದು ಗೆರೆ ನೋಡಿ. ಎರಡರಲ್ಲೂ ಅದೇ ಬಂದರೆ 207ರಿಂದಲೇ ಗುಣಿಸಿ. ಬೇರೆ ಬೇರೆ ಬಂದರೆ ಆ ಪ್ರಿಂಟ್ ಬಿಟ್ಟುಬಿಡಿ.

ಇನ್ನೊಂದು, 1:200ರಲ್ಲಿ ಪಟ್ಟಿ ಅರ್ಧ ಮಿ.ಮೀ. ಜರುಗಿದರೂ ನೆಲದ ಮೇಲೆ 100 ಮಿ.ಮೀ. ವ್ಯತ್ಯಾಸ. ಗೋಡೆ ದಪ್ಪವನ್ನು ಹೀಗೆ ಅಳೆಯಲೇಬೇಡಿ. ಬರೆದ ಅಳತೆ ಇದ್ದಲ್ಲಿ ಅದನ್ನೇ ತಗೊಳ್ಳಿ.