ಇಯರ್‌ಬಡ್ ಕ್ಲೀನ್ ಮಾಡಿಕೊಳ್ಳಿ: ಭಾನುವಾರದ ಕ್ಲಾಸಿಗೆ ಮುಂಚೆ

ಎಲ್ಲರಿಗೂ ನಮಸ್ಕಾರ. ಭಾನುವಾರ ಬೆಳಿಗ್ಗೆ 7ಕ್ಕೆ ಆನ್‌ಲೈನ್ ಕ್ಲಾಸ್ ಇದೆ. ಕಳೆದ ವಾರ ಕೆಲವರಿಗೆ ಒಂದೇ ಕಿವಿಯಲ್ಲಿ ದನಿ ಕೇಳುತ್ತಿತ್ತು. ಹೊಸದು ಕೊಳ್ಳುವ ಮೊದಲು ಇದನ್ನು ಓದಿ.

ದನಿ ಬರುವ ಜಾಲರಿಯ ಮೇಲೆ ಕಿವಿಯ ಗುಗ್ಗೆ ಕೂತರೆ ದನಿ ಹೊರಗೆ ಬರುವ ದಾರಿಯೇ ಮುಚ್ಚುತ್ತದೆ. ನಮ್ಮ ಬಳ್ಳಾರಿ ಧೂಳು, ಬೆವರು ಬೇರೆ ಸೇರಿಕೊಳ್ಳುತ್ತವೆ, ಅಲ್ವಾ? ಸಿಲಿಕಾನ್ ಟಿಪ್ ತೆಗೆದು ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿಸಿ. ಬಡ್‌ಗೆ ಮಾತ್ರ ನೀರು ಬೇಡ. ಜಾಲರಿ ಕೆಳಮುಖವಾಗಿ ಹಿಡಿದು, ಒಣಗಿದ ಮೆತ್ತನೆ ಟೂತ್‌ಬ್ರಷ್‌ನಿಂದ ಉಜ್ಜಿ. ಆಗ ಪುಡಿ ಒಳಗೆ ಹೋಗದೆ ಕೆಳಗೆ ಉದುರುತ್ತದೆ. ಪಿನ್ನು ಹಾಕಿ ಕೆದಕಿದರೆ ಜಾಲರಿ ಹರಿಯುತ್ತದೆ.

ಗುಂಪಿನ ಒಬ್ಬರ ಎಡಗಡೆ ಬಡ್ ರಾತ್ರಿಯೆಲ್ಲ ಕೇಸಿನಲ್ಲಿದ್ದರೂ ಚಾರ್ಜ್ ಆಗುತ್ತಿರಲಿಲ್ಲ. ಬೆರಳಿಂದ ಒತ್ತಿ ಹಿಡಿದಾಗ ಮಾತ್ರ ಲೈಟ್ ಬರುತ್ತಿತ್ತು. ಹಾಗಾದರೆ ಬ್ಯಾಟರಿಗಿಂತ ಮೊದಲು ಕೊಳೆಯನ್ನೇ ಅನುಮಾನಿಸಬೇಕು. ಗುಗ್ಗೆಯ ತೆಳು ಪದರ ಕರೆಂಟ್ ದಾಟಲು ಬಿಡುವುದಿಲ್ಲ. ಕಾಟನ್ ಬಡ್ಸ್‌ಗೆ ಒಂದೇ ಹನಿ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ, ಬಡ್‌ನ ಲೋಹದ ಚುಕ್ಕೆಗಳನ್ನೂ ಕೇಸಿನೊಳಗಿನ ಪಿನ್ನುಗಳನ್ನೂ ಒರೆಸಿ. ಪಿನ್ನು ಸ್ಪ್ರಿಂಗ್ ಇದ್ದಂತೆ, ಜಾಸ್ತಿ ಒತ್ತಬೇಡಿ. ಕೇಸಿನ ಚಾರ್ಜರ್ ತೆಗೆದೇ ಮಾಡಿ, ಪೂರ್ತಿ ಒಣಗಿದ ಮೇಲೆ ಹಾಕಿ.

ಒರೆಸಿದ ಮೇಲೂ ಹಸಿರು ಕಲೆ ಉಳಿದಿದ್ದರೆ ಅದು ಬೆವರಿಗೆ ಲೋಹ ಕಿಲುಬು ಹಿಡಿದದ್ದು. ಕೆರೆಯಬೇಡಿ, ರಿಪೇರಿಯವರಿಗೆ ತೋರಿಸಿ.

ಶನಿವಾರ ಸಂಜೆಯೊಳಗೆ ಕ್ಲೀನ್ ಮಾಡಿ, ಎರಡೂ ಕಿವಿ ಕೇಳಿದರೆ ಇಲ್ಲಿ ‘ಆಯ್ತು’ ಅಂತ ಹಾಕಿ. ಆಗದಿದ್ದವರು ಫೋಟೋ ಕಳಿಸಿ.