ಇಟ್ಟಿಗೆ ರೇಟು ನೋಡಿ ಮೋಸ ಹೋಗಬೇಡಿ

ಎಲ್ಲರಿಗೂ ನಮಸ್ಕಾರ್ರಿ. ಕಲಬುರಗಿಯಲ್ಲಿ ಮನೆ ಕಟ್ಟಿಸುತ್ತಿರುವವರು ಇದನ್ನೊಮ್ಮೆ ಓದಿ.

ನನಗೆ ಕೆಂಪು ಇಟ್ಟಿಗೆ 6 ರೂಪಾಯಿ, ಬೂದಿ ಇಟ್ಟಿಗೆ 7 ರೂಪಾಯಿ ಹೇಳಿದರು. ಕೆಂಪೇ ಅಗ್ಗ ಅಂತ ಅನಿಸಿತು. ಆಮೇಲೆ ಟೇಪು ಹಿಡಿದೆ. ಬೂದಿ ಇಟ್ಟಿಗೆ 9 ಇಂಚು ಉದ್ದ, 3 ಇಂಚು ಎತ್ತರ ಇತ್ತು, ಕೆಂಪಿನದು ಬರೀ 8 ಮತ್ತು ಎರಡೂವರೆ!

ನಾಲ್ಕಿಂಚಿನ ಗೋಡೆ, 100 ಚದರ ಅಡಿ ಅಂದುಕೊಳ್ಳಿ. ಬೂದಿ ಇಟ್ಟಿಗೆ ಸಮ ಇರುವುದರಿಂದ ಸಂದಿನ ಮಾಲು ತೆಳ್ಳಗೆ ಸಾಕು, ಸುಮಾರು 455 ಬೇಕು, ಒಡೆಯುವುದು ಸೇರಿ 470, ಅಂದರೆ 3,290 ರೂಪಾಯಿ. ಕೆಂಪಿಗೆ ಅರ್ಧ ಇಂಚು ಮಾಲು ಹಿಡಿದರೂ 565 ಬೇಕು, ಇಳಿಸುವಾಗಲೇ ಒಡೆಯುತ್ತವಲ್ಲ, 620 ತರಿಸಬೇಕು, 3,720 ಆಯಿತು. ಸಿಮೆಂಟು, ಮರಳಿನ ಖರ್ಚು ಬೇರೆ. ಸೊಟ್ಟ ಇಟ್ಟಿಗೆಗೆ ಪ್ಲಾಸ್ಟರೂ ಜಾಸ್ತಿ ಕುಡಿಯುತ್ತದೆ.

ಹಾಗಂತ ಯಾವಾಗಲೂ ಬೂದಿಯೇ ಅಗ್ಗ ಅಲ್ಲ. ಅದೇ 6 ರೂಪಾಯಿಗೆ ಪೂರ್ತಿ 9 ಇಂಚು ಉದ್ದ, 3 ಇಂಚು ಎತ್ತರದ ಕೆಂಪು ಸಿಕ್ಕರೆ 480 ಇಟ್ಟಿಗೆಯೊಳಗೆ ಮುಗಿಯುತ್ತದೆ, ಆಗ ಕೆಂಪೇ ಗೆಲ್ಲುತ್ತದೆ. ಅದಕ್ಕೇ ಹತ್ತು ಇಟ್ಟಿಗೆ ಸಾಲಾಗಿಟ್ಟು ಅಳೆಯಿರಿ, 90 ಇಂಚು ಬರಬೇಕು.

ಬೂದಿ ಇಟ್ಟಿಗೆ ತಗೊಂಡರೆ ಎಷ್ಟು ದಿನ ನೀರು ಹಾಕಿದ್ದಾರೆ ಕೇಳಿ. ಹಸಿ ಇಟ್ಟಿಗೆ ತಂದು ಕಟ್ಟಿದರೆ ಆಮೇಲೆ ಕುಗ್ಗಿ ಪ್ಲಾಸ್ಟರಿನಲ್ಲಿ ಬಿರುಕು ಬಿಡುತ್ತದೆ. ಉಗುರಿನಿಂದ ಅಂಚು ಕೆರೆದಾಗ ಪುಡಿ ಉದುರಿದರೆ ಆ ಲೋಡು ವಾಪಸ್ ಕಳಿಸಿಬಿಡಿ.