ಅಪ್ಪಾಜಿಗೆ: ಬಿಲ್ಡರ್ ಕಟ್ಟಿದ ಹಳೇ ಕಟ್ಟಡಗಳ ವಿಚಾರ

ಮಸ್ಕತ್

ತೀರ್ಥರೂಪರಾದ ಅಪ್ಪಾಜಿಗೆ ಮತ್ತು ಅಮ್ಮನಿಗೆ ನಿಮ್ಮ ಮಗಳು ಸುಮಾ ಮಾಡುವ ನಮಸ್ಕಾರಗಳು.

ನಾವಿಲ್ಲಿ ಕ್ಷೇಮ. ಮಕ್ಕಳಿಗೆ ಪರೀಕ್ಷೆ ಮುಗಿದಿದೆ. ಅಮ್ಮ ಕಳಿಸಿದ ಕೆಂಪು ಚಟ್ನಿ ಪುಡಿ ಇನ್ನೂ ಅರ್ಧ ಡಬ್ಬಿ ಉಳಿದಿದೆ.

ಮಹೇಶ ಸರ್ಜಾಪುರ ರಸ್ತೆಯ ಫ್ಲ್ಯಾಟಿನ ಕಾಗದಗಳನ್ನೆಲ್ಲ ಕಳಿಸಿದ್ದ. ನಿಮ್ಮ ನಿವೃತ್ತಿ ಹಣದಲ್ಲಿ ದೊಡ್ಡ ಪಾಲು ಇದಕ್ಕೇ ಹೋಗುತ್ತದೆ ಅಂತಲೂ ಹೇಳಿದ. ಅದಕ್ಕೇ ಫೋನಿನಲ್ಲಿ ಎರಡು ಮಾತು ಹೇಳಿ ಸುಮ್ಮನಾಗದೆ, ನಾನು ನೋಡಿದ್ದೆಲ್ಲವನ್ನೂ ಬರೆದು ಕಳಿಸುತ್ತಿದ್ದೇನೆ. ಕಂತ್ರಾಟುದಾರರ ಬಿಲ್ಲು ಮತ್ತು ಕೆಲಸದ ಪ್ರಗತಿ ಪರಿಶೀಲಿಸುವುದೇ ಇಲ್ಲಿ ನನ್ನ ಉದ್ಯೋಗ. ಹಾಗಾಗಿ ಬ್ರೋಷರಿನ ಚಿತ್ರಗಳನ್ನು ಬದಿಗಿಟ್ಟು ದಾಖಲೆಗಳನ್ನೇ ಕೂತು ಓದಿದೆ. ಮಹೇಶನನ್ನು ಪಕ್ಕದಲ್ಲಿ ಕೂರಿಸಿಕೊಂಡು ಲ್ಯಾಪ್‌ಟಾಪಿನಲ್ಲಿ ನೀವೂ ಒಮ್ಮೆ ನೋಡಿ.

ಮೊದಲು ನೋಂದಣಿ. 500 ಚದರ ಮೀಟರಿಗಿಂತ ದೊಡ್ಡ ಜಾಗದಲ್ಲಿ ಎಂಟಕ್ಕಿಂತ ಹೆಚ್ಚು ಮನೆಗಳಿರುವ ಯೋಜನೆಯಾದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರವಾದ ರೇರಾದಲ್ಲಿ ನೋಂದಾಯಿಸದೆ ಜಾಹೀರಾತು ಕೊಡುವಂತಿಲ್ಲ, ಬುಕಿಂಗ್ ಹಣವನ್ನೂ ತೆಗೆದುಕೊಳ್ಳುವಂತಿಲ್ಲ. 2016ರ ರೇರಾ ಕಾಯ್ದೆಯ ಮೂರನೇ ಸೆಕ್ಷನ್ನೇ ಇದನ್ನು ಹೇಳುತ್ತದೆ. ನಮ್ಮ ರಾಜ್ಯದ ಜಾಲತಾಣ rera.karnataka.gov.in. ಅಲ್ಲಿ ಯೋಜನೆಯ ಹೆಸರು, ಬಿಲ್ಡರ್ ಹೆಸರು ಅಥವಾ ನೋಂದಣಿ ಸಂಖ್ಯೆ ಕೊಟ್ಟು ಹುಡುಕಬಹುದು. ಸಂಖ್ಯೆ PRM/KA/RERA ಅಂತ ಶುರುವಾಗಬೇಕು. ACK ಅಂತ ಶುರುವಾದರೆ ಅದು ಅರ್ಜಿ ಹಾಕಿದ್ದಕ್ಕೆ ಸಿಕ್ಕ ಸ್ವೀಕೃತಿ ಮಾತ್ರ, ಅನುಮತಿಯಲ್ಲ. ಕೆಲವರು ಬ್ಯಾನರಿನಲ್ಲಿ ಅದನ್ನೇ ದಪ್ಪಕ್ಷರದಲ್ಲಿ ಹಾಕಿಸುತ್ತಾರೆ. ನಮಗೆ ಕಳಿಸಿರುವ ಸಂಖ್ಯೆ ಸರಿಯಾಗಿದೆ, ಯೋಜನೆ ಅನುಮೋದಿತ ಪಟ್ಟಿಯಲ್ಲೇ ಇದೆ. ಇಷ್ಟರ ಮಟ್ಟಿಗೆ ಮಹೇಶ ಹೇಳಿದ್ದು ನಿಜ.

ಆದರೆ ಅಪ್ಪಾಜಿ, ಪ್ರಮಾಣಪತ್ರದ ಮೇಲಿರುವ ಹೆಸರು ಸೈಟಿನ ಕಮಾನಿನ ಮೇಲಿರುವ ಹೆಸರಲ್ಲ. ಕಮಾನಿನ ಮೇಲೆ ನಮಗೆಲ್ಲ ಕೇಳಿ ಗೊತ್ತಿರುವ ಬ್ರ್ಯಾಂಡ್ ಇದೆ. ರೇರಾದಲ್ಲಿ ಪ್ರವರ್ತಕರು ಅಂತ ಇರುವುದು ಇತ್ತೀಚೆಗೆ ಹುಟ್ಟಿದ, ಸೀಮಿತ ಹೊಣೆಗಾರಿಕೆಯ ಪಾಲುದಾರಿಕೆ ಸಂಸ್ಥೆಯಾದ ಒಂದು ಎಲ್‌ಎಲ್‌ಪಿ. ಇದು ಕಾನೂನಿಗೆ ವಿರುದ್ಧವೇನಲ್ಲ. ಒಂದೊಂದು ಯೋಜನೆಗೆ ಒಂದೊಂದು ಸಂಸ್ಥೆ ಮಾಡಿಕೊಳ್ಳುವುದು ಈ ವ್ಯವಹಾರದಲ್ಲಿ ಮಾಮೂಲು. ನಮಗೆ ತೊಂದರೆಯಾಗುವುದು ಬೇರೆ ಕಡೆ. ಕಾಯ್ದೆಯ ನಾಲ್ಕನೇ ಸೆಕ್ಷನ್ ಪ್ರಕಾರ ಅರ್ಜಿ ಹಾಕುವವರು ಕಳೆದ ಐದು ವರ್ಷಗಳಲ್ಲಿ ಕೈಗೆತ್ತಿಕೊಂಡ ಯೋಜನೆಗಳು, ಅವು ಮುಗಿದವೇ ತಡವಾದವೇ, ಯಾವ ಕೇಸುಗಳಿವೆ ಎಂಬುದನ್ನೆಲ್ಲ ತಿಳಿಸಬೇಕು. ಮೊನ್ನೆ ಮೊನ್ನೆ ಹುಟ್ಟಿದ ಎಲ್‌ಎಲ್‌ಪಿಗೆ ಹಿಂದಿನ ಯೋಜನೆ ಎಲ್ಲಿಂದ ಬರಬೇಕು? ಆ ಕಾಲಮ್ಮಿನಲ್ಲಿ ‘ಇಲ್ಲ’ ಅಂತಿದೆ. ಕೇಸುಗಳ ಕಾಲಮ್ಮೂ ಖಾಲಿ. ಓದಿದವರಿಗೆ ಇವರ ಮೇಲೆ ಒಂದು ದೂರೂ ಇಲ್ಲ ಅನ್ನಿಸುವುದು ಸಹಜ.

ಅಲ್ಲಿಗೆ ನಿಲ್ಲಿಸಬಾರದು. ಅದೇ ಪುಟದಲ್ಲಿ ಪಾಲುದಾರರ ಹೆಸರುಗಳಿವೆ, ಕಚೇರಿ ವಿಳಾಸವಿದೆ. ಆ ಎರಡನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡೆ. ಕಂಪನಿ ವ್ಯವಹಾರಗಳ ಸಚಿವಾಲಯದ ದಾಖಲೆಯಲ್ಲಿ ಹುಡುಕಿದಾಗ ಇದೇ ಪಾಲುದಾರರು ನಿರ್ದೇಶಕರಾಗಿರುವ, ಇದೇ ವಿಳಾಸದ ಒಂದು ಪ್ರೈವೇಟ್ ಲಿಮಿಟೆಡ್ ಕಂಪನಿ ಸಿಕ್ಕಿತು. ಆ ಹೆಸರು ಹಿಡಿದು ಮತ್ತೆ ರೇರಾಕ್ಕೆ ಬಂದೆ. ಬೆಂಗಳೂರು ನಗರ ಜಿಲ್ಲೆ ಆರಿಸಿದಾಗ ಕನಕಪುರ ರಸ್ತೆಯ ಒಂದು ಯೋಜನೆ ಬಂತು. ಹೊಸಕೋಟೆ ಬೆಂಗಳೂರು ಗ್ರಾಮಾಂತರಕ್ಕೆ ಸೇರಿದ್ದರಿಂದ ಜಿಲ್ಲೆ ಬದಲಿಸಿದ ಮೇಲೆ ಅಲ್ಲಿನ ಇನ್ನೊಂದು ಸಿಕ್ಕಿತು. ಒಂದೇ ಜಿಲ್ಲೆಯಲ್ಲಿ ಹುಡುಕಿ ಬಿಟ್ಟಿದ್ದರೆ ಮುಖ್ಯವಾದದ್ದೇ ತಪ್ಪಿಹೋಗುತ್ತಿತ್ತು.

ಕನಕಪುರ ರಸ್ತೆಯದು ಸಮಾಧಾನ ತರುವಂಥದ್ದು. ಹೇಳಿದ ದಿನಕ್ಕಿಂತ ಒಂಬತ್ತು ತಿಂಗಳು ತಡವಾಗಿದೆ, ಆದರೆ ವಾಸಕ್ಕೆ ಅನುಮತಿ ಕೊಡುವ ಓಸಿ ಪತ್ರ ಸಿಕ್ಕಿದೆ, ಅದರ ಪ್ರತಿಯನ್ನೂ ಹಾಕಿದ್ದಾರೆ. ಮೂರು ತಿಂಗಳಿಗೊಮ್ಮೆ ಕೊಡಬೇಕಾದ ಪ್ರಗತಿ ವರದಿ ಒಂದೂ ತಪ್ಪಿಲ್ಲ. ಬೆಂಗಳೂರಿನಲ್ಲಿ ಒಂಬತ್ತು ತಿಂಗಳ ತಡವನ್ನು ನಾನು ದೊಡ್ಡ ದೋಷ ಅನ್ನುವುದಿಲ್ಲ.

ಹೊಸಕೋಟೆಯದ್ದನ್ನು ನಿಧಾನವಾಗಿ ಓದಿ. ಅರ್ಜಿಯಲ್ಲಿ ಅವರೇ ಬರೆದುಕೊಂಡ ಮುಕ್ತಾಯದ ದಿನ 31 ಡಿಸೆಂಬರ್ 2020. ಕೊರೋನಾ ಕಾರಣಕ್ಕೆ ಎಲ್ಲರಿಗೂ ಸಿಕ್ಕಂತೆ ಆರು ತಿಂಗಳು ಸಿಕ್ಕಿ ಅದು 30 ಜೂನ್ 2021 ಆಯಿತು. ಅದಕ್ಕೆ ಅವರನ್ನು ದೂರುವ ಹಾಗಿಲ್ಲ. ಆಮೇಲೆ ಆರನೇ ಸೆಕ್ಷನ್ ಅಡಿ ಒಂದು ವರ್ಷ ಕೇಳಿ ಪಡೆದಿದ್ದಾರೆ, 30 ಜೂನ್ 2022ರವರೆಗೆ. ಪ್ರಕೃತಿ ವಿಕೋಪದಂಥ ಕಾರಣ ಬಿಟ್ಟರೆ ಆ ಸೆಕ್ಷನ್ ಅಡಿ ಒಟ್ಟು ಒಂದು ವರ್ಷಕ್ಕಿಂತ ಹೆಚ್ಚು ಸಿಗುವುದಿಲ್ಲ. ಆ ದಿನವೂ ದಾಟಿ ವರ್ಷಗಳಾದವು. ಓಸಿ ಇಲ್ಲ, ಮುಂದಿನ ವಿಸ್ತರಣೆಯ ಆದೇಶವೂ ಕಾಣುವುದಿಲ್ಲ.

ಅದರ ಪ್ರಗತಿ ವರದಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದೆ. ಒಂಬತ್ತು ಮಹಡಿಯ ಕಟ್ಟಡ, 96 ಮನೆಗಳು. ನಾಲ್ಕನೇ ಮಹಡಿಯ ಸ್ಲ್ಯಾಬ್ ಹಾಕಿದ ಹೊತ್ತಿಗೆ 71 ಮನೆ ಮಾರಾಟವಾಗಿತ್ತು. ಅಲ್ಲಿಂದ ಮುಂದೆ ಎರಡು ವರದಿಗಳಲ್ಲಿ ಫೋಟೋ ಒಂದೇ: ಅದೇ ಕ್ರೇನು, ಅದೇ ಜಾಗದಲ್ಲಿ ಅದೇ ಮರಳಿನ ಗುಡ್ಡೆ. ಆದರೆ ಕೆಲಸ ಮುಗಿದ ಶೇಕಡಾವಾರು ಮಾತ್ರ ಮೇಲೇರಿದೆ. ಅದಾದ ಮೇಲೆ ವರದಿಗಳೇ ನಿಂತಿವೆ. ಕೊಂಡವರಿಂದ ಬಂದ ಹಣದಲ್ಲಿ ಶೇ. 70ರಷ್ಟನ್ನು ಆ ಯೋಜನೆಗೇ ಮೀಸಲಾದ ಖಾತೆಯಲ್ಲಿಟ್ಟು, ಎಂಜಿನಿಯರ್, ಆರ್ಕಿಟೆಕ್ಟ್ ಮತ್ತು ಲೆಕ್ಕಪರಿಶೋಧಕರು ಆದ ಕೆಲಸಕ್ಕೆ ತಕ್ಕಂತೆ ಪ್ರಮಾಣಪತ್ರ ಕೊಟ್ಟ ಮೇಲಷ್ಟೇ ತೆಗೆಯಬೇಕು. ಅಷ್ಟು ಮನೆ ಮಾರಿಯೂ ಕೆಲಸ ನಿಂತಿದೆಯೆಂದರೆ ಹಣ ಎಲ್ಲಿ ಹೋಯಿತು ಅಂತ ಕೇಳಲೇಬೇಕು. ಕಳ್ಳತನವೇ ಆಗಿದೆ ಅಂತ ಈ ಕಾಗದಗಳಿಂದ ಹೇಳಲಾಗದು. ಬ್ಯಾಂಕಿನ ಸಾಲ ನಿಂತಿರಬಹುದು, ಜಮೀನಿನ ತಕರಾರು ಬಂದಿರಬಹುದು. ಕಾರಣ ಏನೇ ಇರಲಿ, ಉತ್ತರ ಅವರ ಬಾಯಿಂದಲೇ ಬರಬೇಕು.

ಕೊನೆಗೆ ರೇರಾ ಆದೇಶಗಳನ್ನು ತೆರೆದೆ. ದೂರುಗಳ ಸಂಖ್ಯೆ ನೋಡಿ ಹೆದರಬಾರದು, ಯಾವ ವಿಷಯದ ದೂರು ಅನ್ನುವುದನ್ನು ಓದಬೇಕು. ಪಾರ್ಕಿಂಗ್ ಜಗಳ, ಕ್ಲಬ್‌ಹೌಸ್ ಶುಲ್ಕ, ಇಂಥವು ಒಳ್ಳೆಯ ಬಿಲ್ಡರಿನ ಮೇಲೂ ಇರುತ್ತವೆ. ಹೊಸಕೋಟೆಯ ಆದೇಶಗಳಲ್ಲಿ ಇರುವುದು ಹೆಚ್ಚಾಗಿ ಒಂದೇ ವಿಷಯ: ಮನೆ ಸಿಗಲಿಲ್ಲ, ಹಣ ವಾಪಸ್ ಕೊಡಿಸಿ. ಬಡ್ಡಿ ಸಮೇತ ಹಿಂದಿರುಗಿಸಬೇಕು ಅಂತ ಪ್ರಾಧಿಕಾರ ಹೇಳಿದೆ. ಸ್ಟೇಟ್ ಬ್ಯಾಂಕ್ ಸಾಲಕ್ಕೆ ಆಧಾರವಾಗಿ ಇಟ್ಟುಕೊಳ್ಳುವ ಎಂಸಿಎಲ್‌ಆರ್ ದರದ ಮೇಲೆ ಶೇ. 2 ಸೇರಿಸಿದ ಬಡ್ಡಿ ಅದು. ಹಾಗಿದ್ದೂ ಕೆಲವರು ಆಮೇಲೆ ವಸೂಲಿಗಾಗಿ ಮತ್ತೆ ಅರ್ಜಿ ಹಾಕಿದ್ದಾರೆ. ಅಂದರೆ ಆದೇಶ ಬಂದರೂ ಹಣ ಬಂದಿಲ್ಲ. ಆಗ ರೇರಾ ವಸೂಲಿ ಪತ್ರವನ್ನು ಜಿಲ್ಲಾಧಿಕಾರಿಗೆ ಕಳಿಸುತ್ತದೆ, ಭೂಕಂದಾಯದ ಬಾಕಿ ವಸೂಲು ಮಾಡುವ ಹಾಗೆ ತಹಶೀಲ್ದಾರರು ವಸೂಲು ಮಾಡಬೇಕು. ಬಿಲ್ಡರಿನ ಹೆಸರಲ್ಲಿ ಜಪ್ತಿ ಮಾಡುವಂಥ ಆಸ್ತಿಯೇ ಇಲ್ಲದಿದ್ದರೆ ಅದು ಎಳೆದುಕೊಂಡು ಹೋಗುತ್ತದೆ. ನಿಮ್ಮ ಈ ವಯಸ್ಸಿನಲ್ಲಿ ನೀವು ತಾಲ್ಲೂಕು ಕಚೇರಿಯ ಬೆಂಚಿನ ಮೇಲೆ ಕಾಯುವುದು ನನಗೆ ಬೇಡ ಅಪ್ಪಾಜಿ. ಅದಕ್ಕೇ ಈಗಲೇ ಇಷ್ಟು ವಿವರವಾಗಿ ಬರೆಯುತ್ತಿರುವುದು.

ಇನ್ನು ನಮ್ಮ ಸರ್ಜಾಪುರದ ಫ್ಲ್ಯಾಟಿನ ಮಾತು. ಸೇಲ್ಸ್ ಹುಡುಗ 2027ರ ದೀಪಾವಳಿಗೆ ಕೀಲಿ ಕೊಡುತ್ತೇವೆ ಅಂದನಂತೆ. ರೇರಾದಲ್ಲಿ ಅವರೇ ಬರೆದ ದಿನ 30 ಜೂನ್ 2029. ಮಹೇಶ ಬಾಡಿಗೆಯನ್ನೂ ಸಾಲದ ಕಂತನ್ನೂ ಒಟ್ಟಿಗೆ ಕಟ್ಟುವ ಲೆಕ್ಕವನ್ನು ರೇರಾದಲ್ಲಿರುವ ಈ ದಿನಕ್ಕೇ ಹಾಕಿಕೊಳ್ಳಲಿ. ಬಾಯಿಮಾತಿನ ದಿನ ಬೇಕಾದರೆ ಅದನ್ನು ಕರಾರಿನಲ್ಲಿ ಬರೆಸಿಕೊಳ್ಳಬೇಕು. ತಡವಾದರೆ ಬಡ್ಡಿ ಕೇಳುವ ಹಕ್ಕು ಕರಾರಿನಲ್ಲಿರುವ ದಿನದ ಮೇಲೆ ನಿಲ್ಲುತ್ತದೆ.

ಅವರು ಈಗಲೇ 15 ಲಕ್ಷ ಕೇಳುತ್ತಿದ್ದಾರೆ, ಕರಾರು ಆಮೇಲೆ ಅನ್ನುತ್ತಿದ್ದಾರೆ. ಫ್ಲ್ಯಾಟಿನ ಬೆಲೆ 80 ಲಕ್ಷ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಮಾರಾಟದ ಕರಾರು ನೋಂದಣಿಯಾಗುವ ಮುಂಚೆ ಬೆಲೆಯ ಶೇ. 10ಕ್ಕಿಂತ ಹೆಚ್ಚು ಪಡೆಯುವಂತಿಲ್ಲ ಅಂತ ಹದಿಮೂರನೇ ಸೆಕ್ಷನ್ ಹೇಳುತ್ತದೆ. ಅಂದರೆ 8 ಲಕ್ಷವೇ ಮಿತಿ. ಮನೆಯವರಂತೆ ನಗುನಗುತ್ತಾ ಕೇಳಿದರು ಅಂತ ಇದರಲ್ಲಿ ದಾಕ್ಷಿಣ್ಯ ಮಾಡಬೇಡಿ.

ರೇರಾದಲ್ಲಿ ಹೆಸರಿದೆ ಅಂದಮಾತ್ರಕ್ಕೆ ಜಮೀನಿನ ಹಕ್ಕು ಚೊಕ್ಕವಾಗಿದೆ ಅಂತ ಯಾರೂ ಖಾತ್ರಿ ಕೊಟ್ಟಂತಾಗುವುದಿಲ್ಲ. ಅಲ್ಲಿರುವ ಹೆಚ್ಚಿನದು ಬಿಲ್ಡರ್ ತಾನೇ ಘೋಷಿಸಿಕೊಟ್ಟ ಮಾಹಿತಿ. ನೋಂದಣಿ ಇಲಾಖೆಯ ಕಾವೇರಿ ಜಾಲತಾಣದಲ್ಲಿ ಜಮೀನಿನ ಋಣಭಾರ ಪತ್ರ, ಅಂದರೆ ಇಸಿ ತೆಗೆಸಿ, ಮೂಲ ಪತ್ರಗಳನ್ನು ನಮ್ಮ ಕಡೆಯ ವಕೀಲರಿಗೇ ತೋರಿಸಬೇಕು, ಬಿಲ್ಡರ್ ಸೂಚಿಸಿದವರಿಗಲ್ಲ. ಇನ್ನೊಂದು ಮಿತಿಯೂ ಇದೆ. ರೇರಾ ಪೂರ್ತಿಯಾಗಿ ಜಾರಿಗೆ ಬಂದದ್ದೇ 2017ರ ಮೇ 1ಕ್ಕೆ. ಅದಕ್ಕೂ ಮುಂಚೆ ಮುಗಿದ ಕಟ್ಟಡಗಳು ಅಲ್ಲಿ ಸಿಗುವುದಿಲ್ಲ, ಆಗ ನಡೆಯುತ್ತಿದ್ದ ಕೆಲವನ್ನೂ ರಾಜ್ಯದ ನಿಯಮಗಳು ಹೊರಗಿಟ್ಟವು. ಬ್ರೋಷರಿನಲ್ಲಿ ಇವರು ಹೆಮ್ಮೆಯಿಂದ ಹಾಕಿಕೊಂಡಿರುವ ಹಳೇ ಕಟ್ಟಡಗಳು ಅಂಥವೇ. ಅದಕ್ಕೆ ಕಾಲ್ನಡಿಗೆಯೇ ದಾರಿ. ಮಹೇಶ ಒಂದು ಭಾನುವಾರ ಹೋಗಿ ನಿವಾಸಿಗಳ ಸಂಘದವರನ್ನು ಮಾತಾಡಿಸಲಿ. ಓಸಿ ಯಾವಾಗ ಬಂತು, ಖಾತಾ ಎಲ್ಲರ ಹೆಸರಿಗೂ ಆಯಿತೇ, ಬಿಲ್ಡರ್ ಸಂಘಕ್ಕೆ ಜಾಗ ಮತ್ತು ಲೆಕ್ಕ ಒಪ್ಪಿಸಿದನೇ ಅಂತ ಕೇಳಿದರೆ ಸಾಕು. ಲಿಫ್ಟು, ಲಾಬಿ ಚೆನ್ನಾಗಿವೆಯೇ ಅಂತ ಕೇಳಬೇಕಿಲ್ಲ, ಅವು ಕಣ್ಣಿಗೇ ಕಾಣುತ್ತವೆ.

ನನ್ನ ಅಭಿಪ್ರಾಯ ಕೇಳಿದರೆ, ಹೊಸಕೋಟೆಯ ಯೋಜನೆಗೆ ಈಗಿನ ವಿಸ್ತರಣೆ ಇದೆಯೇ, ವಾಪಸ್ ಕೊಡಬೇಕಾದ ಹಣ ಕೊಟ್ಟರೇ ಎಂಬ ಎರಡು ಪ್ರಶ್ನೆಗಳನ್ನು ಇಮೇಲಿನಲ್ಲಿ ಕೇಳಿ, ಬರಹದಲ್ಲೇ ಉತ್ತರ ಪಡೆಯಿರಿ. ಆದೇಶದ ಪ್ರತಿ, ಹಣ ಕೊಟ್ಟ ದಾಖಲೆ ತೋರಿಸಿದರೆ ಮುಂದಿನ ಮಾತು. ತೋರಿಸದಿದ್ದರೆ ಈ ಫ್ಲ್ಯಾಟ್ ಬೇಡ. ಕಾವ್ಯಾಗೆ ಆ ಬಾಲ್ಕನಿ ತುಂಬಾ ಹಿಡಿಸಿದೆ ಅಂತ ಗೊತ್ತು, ಅವಳಿಗೆ ನಾನೇ ಫೋನ್ ಮಾಡಿ ಹೇಳುತ್ತೇನೆ. ಒಂದು ವೇಳೆ ಕೊಳ್ಳುವುದೇ ಆದರೆ, ಚೆಕ್ ಮೇಲೆ ಬರೆಯುವ ಹೆಸರು ಪ್ರಮಾಣಪತ್ರದಲ್ಲಿರುವ ಎಲ್‌ಎಲ್‌ಪಿಯದೇ ಆಗಿರಲಿ, ಖಾತೆ ಸಂಖ್ಯೆ ರೇರಾಕ್ಕೆ ಕೊಟ್ಟಿರುವುದೇ ಆಗಿರಲಿ.

ಇವೆಲ್ಲದರ ಪ್ರಿಂಟು ತೆಗೆಯಲು ಮಹೇಶನಿಗೆ ಕಡತ ಕಳಿಸಿದ್ದೇನೆ. ಹೊಸಕೋಟೆಯ ಆದೇಶಗಳನ್ನು ನೀವು ಓದಿದ ಮೇಲೆ ಶುಕ್ರವಾರ ಫೋನ್ ಮಾಡಿ, ಅವತ್ತು ನನಗೆ ರಜೆ. ಅಲ್ಲಿಯವರೆಗೆ ಯಾರಿಗೂ ಚೆಕ್ ಕೊಡಬೇಡಿ.

ನಿಮ್ಮ ಮಗಳು,
ಸುಮಾ